ಹುಣ್ಣಿಮೆ ಯಾವತ್ತು ಎಂಬುದು ಲೆಕ್ಕದ ಮಾತು: ಐದು ಆಕ್ಷೇಪಗಳಿಗೆ ಉತ್ತರ

ಈ 2026ರಲ್ಲಿ ಬುದ್ಧ ಪೂರ್ಣಿಮೆ ಬಿದ್ದದ್ದು ಮೇ 1ರ ಶುಕ್ರವಾರ. ಕಾರ್ಮಿಕರ ದಿನವೂ ಅವತ್ತೇ. ಅದಕ್ಕೆ ಸುಮಾರು ಒಂದು ತಿಂಗಳು ಮೊದಲು, ಮಾರ್ಚ್ 31ಕ್ಕೆ ಮಹಾವೀರ ಜಯಂತಿ. ಈ ಎರಡು ದಿನಗಳ ಆಸುಪಾಸಿನಲ್ಲಿ ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಕೇಳಿಬಂದ ಆಕ್ಷೇಪಗಳು ಹೊಸವಲ್ಲ. ಪ್ರತಿ ವರ್ಷ ಅವೇ ಮಾತುಗಳು ಬರುತ್ತವೆ. ದಿನಾಂಕ ಯಾಕೆ ಓಡಾಡುತ್ತದೆ, ಬೇರೆ ದೇಶದಲ್ಲಿ ಯಾಕೆ ಬೇರೆ ದಿನ, ಕಣ್ಣಿಗೆ ಕಂಡ ಚಂದ್ರನಿಗಿಂತ ಪುಸ್ತಕದ ಮಾತು ದೊಡ್ಡದೇ, ಜೈನರಲ್ಲೇ ಒಮ್ಮತವಿಲ್ಲವಲ್ಲ, ಅಷ್ಟಕ್ಕೂ ಪಂಚಾಂಗದ ಹಂಗು ಬೌದ್ಧರಿಗೆ ಯಾಕೆ. ಕೇಳುವವರಲ್ಲಿ ಹೆಚ್ಚಿನವರು ಈ ಆಚರಣೆಗಳ ಮೇಲೆ ಪ್ರೀತಿ ಇರುವವರೇ. ಆದ್ದರಿಂದಲೇ ಒಂದೊಂದು ಮಾತನ್ನೂ ಎತ್ತಿಕೊಂಡು ಉತ್ತರ ಹೇಳಬೇಕಾಗಿದೆ.

ನನ್ನ ವಾದ ಇಷ್ಟೇ. ಹುಣ್ಣಿಮೆಯ ಆಚರಣೆ ಯಾವ ದಿನ ಎಂಬುದನ್ನು ಮೂರು ಪ್ರಶ್ನೆಗಳು ತೀರ್ಮಾನಿಸುತ್ತವೆ: ಇದು ಯಾವ ಮಾಸದ ಹುಣ್ಣಿಮೆ, ತಿಥಿ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಆ ತಿಥಿ ಯಾವ ದಿನದ ಸೂರ್ಯೋದಯಕ್ಕೆ ಸಿಗುತ್ತದೆ. ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದು ಆಕಾಶ. ಮೊದಲನೆಯದಕ್ಕೂ ಮೂರನೆಯದಕ್ಕೂ ಉತ್ತರ ಕೊಡುವುದು ಆಯಾ ಪರಂಪರೆಯ ನಿಯಮ. ಜಗಳಗಳು ಹುಟ್ಟುವುದು ಈ ಮೂರನ್ನೂ ಕಲಸಿಬಿಟ್ಟಾಗ.

ಆಕ್ಷೇಪ 1: “ಅಂಬೇಡ್ಕರ್ ಜಯಂತಿ ಏಪ್ರಿಲ್ 14 ಎಂದರೆ ಏಪ್ರಿಲ್ 14. ಬುದ್ಧ ಪೂರ್ಣಿಮೆ ಮಾತ್ರ ಯಾಕೆ ವರ್ಷಕ್ಕೊಂದು ದಿನ? ಮೇ ತಿಂಗಳ ಹುಣ್ಣಿಮೆ ಎಂದು ಗೊತ್ತುಮಾಡಿಬಿಡಿ.”

ಬಾಬಾಸಾಹೇಬರು ಹುಟ್ಟಿದ ದಿನ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ದಾಖಲಾಗಿದೆ. ಬುದ್ಧನ ಜನನ, ಬೋಧಿ, ಪರಿನಿರ್ವಾಣಗಳನ್ನು ಪರಂಪರೆ ನೆನಪಿಟ್ಟುಕೊಂಡಿರುವುದು ವೈಶಾಖದ ಹುಣ್ಣಿಮೆ ಎಂದು. ಒಂದು ಸೂರ್ಯನ ಲೆಕ್ಕ, ಇನ್ನೊಂದು ಚಂದ್ರನ ಲೆಕ್ಕ. ಚಂದ್ರನ ಲೆಕ್ಕದ ದಿನವನ್ನು ಸೂರ್ಯನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಾಗ ಅದು ಸರಿದಾಡುವಂತೆ ಕಾಣುತ್ತದೆ. ಆದರೆ ಮನಸ್ಸಿಗೆ ಬಂದಂತೆ ಸರಿಯುವುದಿಲ್ಲ. 2023ರಲ್ಲಿ ಮೇ 5, 2024ರಲ್ಲಿ ಮೇ 23, 2025ರಲ್ಲಿ ಮೇ 12, 2026ರಲ್ಲಿ ಮೇ 1. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಸೌರವರ್ಷಕ್ಕೆ ಇದು 11 ದಿನ ಕಡಿಮೆ. ಅದಕ್ಕೇ 23ರಿಂದ 12ಕ್ಕೆ, 12ರಿಂದ 1ಕ್ಕೆ ಹಿಂದೆ ಬಂತು. ನಡುವೆ ಅಧಿಕ ಮಾಸವೊಂದು ಸೇರಿದ ವರ್ಷ 18 ಅಥವಾ 19 ದಿನ ಮುಂದಕ್ಕೆ ಹೋಗುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದಲೇ ಮರುವರ್ಷ ಮೇ 5ರಿಂದ 23ಕ್ಕೆ ಜಿಗಿಯಿತು.

ಇನ್ನು “ಮೇ ತಿಂಗಳ ಹುಣ್ಣಿಮೆ” ಎಂಬ ಸಲಹೆ. 1999ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ವೇಸಾಕ್ ದಿನವನ್ನು ಮಾನ್ಯ ಮಾಡಿದಾಗ ಮೇ ತಿಂಗಳ ಹುಣ್ಣಿಮೆ ಎಂದೇ ಹೇಳಿತು. ಹೆಚ್ಚಿನ ವರ್ಷ ಅದು ಸರಿಹೊಂದುತ್ತದೆ. ಆದರೆ 2018ರಲ್ಲಿ ನಮ್ಮ ಬುದ್ಧ ಪೂರ್ಣಿಮೆ ಬಿದ್ದದ್ದು ಏಪ್ರಿಲ್ 30ಕ್ಕೆ. ಈ 2026ರಲ್ಲಂತೂ ಮೇ ತಿಂಗಳೊಂದರಲ್ಲೇ ಎರಡು ಹುಣ್ಣಿಮೆಗಳು, ಮೇ 1ಕ್ಕೊಂದು, ಮೇ 31ಕ್ಕೊಂದು. ಎರಡರಲ್ಲಿ ವೈಶಾಖದ್ದು ಯಾವುದು? ಇಂಗ್ಲಿಷ್ ತಿಂಗಳ ಹೆಸರು ಈ ಪ್ರಶ್ನೆಗೆ ಉತ್ತರ ಕೊಡಲಾರದು. ಮಾಸದ ನಿಯಮವೇ ಕೊಡಬೇಕು.

ಆ ನಿಯಮವನ್ನು ಇದೇ ವರ್ಷಕ್ಕೆ ಹಚ್ಚಿ ನೋಡೋಣ. ಒಂದು ಅಮಾವಾಸ್ಯೆ ಮುಗಿದಲ್ಲಿಂದ ಮುಂದಿನ ಅಮಾವಾಸ್ಯೆ ಮುಗಿಯುವವರೆಗೆ ಒಂದು ಮಾಸ. ಆ ಅವಧಿಯಲ್ಲಿ ಸೂರ್ಯ ಯಾವ ರಾಶಿಗೆ ಕಾಲಿಡುತ್ತಾನೆ ಎಂಬುದರ ಮೇಲೆ ಮಾಸದ ಹೆಸರು. ಮೇಷಕ್ಕೆ ಬಂದರೆ ಚೈತ್ರ, ವೃಷಭಕ್ಕೆ ಬಂದರೆ ವೈಶಾಖ, ಮಿಥುನಕ್ಕೆ ಬಂದರೆ ಜ್ಯೇಷ್ಠ. ಯಾವ ಸಂಕ್ರಾಂತಿಯೂ ಇಲ್ಲದ ಮಾಸ ಅಧಿಕ ಮಾಸ. ಅದಕ್ಕೆ ಮುಂದಿನ ಮಾಸದ ಹೆಸರನ್ನೇ ಇಡುತ್ತಾರೆ. 2026ರ ಏಪ್ರಿಲ್ 17ರ ಸಂಜೆ ಒಂದು ಅಮಾವಾಸ್ಯೆ ಮುಗಿಯಿತು. ಮುಂದಿನದು ಮುಗಿದದ್ದು ಮೇ 16 ಕಳೆದ ನಡುರಾತ್ರಿ, ಗಡಿಯಾರದ ಪ್ರಕಾರ 17ರ ಒಂದೂವರೆಗೆ. ಈ ನಡುವೆ, ಮೇ 15ಕ್ಕೆ, ವೃಷಭ ಸಂಕ್ರಾಂತಿ ಬಂತು. ಆದ್ದರಿಂದ ಇದು ವೈಶಾಖ, ಇದರೊಳಗಿನ ಮೇ 1ರ ಹುಣ್ಣಿಮೆಯೇ ಬುದ್ಧ ಪೂರ್ಣಿಮೆ. ಆಮೇಲಿನ ಮಾಸ ಮುಗಿಯುವುದು ಜೂನ್ 15ರ ಬೆಳಗ್ಗೆ ಸುಮಾರು ಎಂಟೂವರೆಗೆ. ಮಿಥುನ ಸಂಕ್ರಾಂತಿ ಅದೇ ಜೂನ್ 15ರ ಮಧ್ಯಾಹ್ನ. ಅಂದರೆ ಸಂಕ್ರಾಂತಿ ನಾಲ್ಕೈದು ಗಂಟೆಯ ಅಂತರದಲ್ಲಿ ಆ ಮಾಸದ ಕೈತಪ್ಪಿತು. ಹಾಗಾಗಿ ಅದು ಅಧಿಕ ಜ್ಯೇಷ್ಠ. ಮೇ 31ರ ಹುಣ್ಣಿಮೆ ಈ ಅಧಿಕ ಜ್ಯೇಷ್ಠದ್ದು, ವೈಶಾಖದ್ದಲ್ಲ.

19 ವರ್ಷಕ್ಕೊಮ್ಮೆ ಚಂದ್ರ ಸೂರ್ಯರ ಲೆಕ್ಕ ಹೆಚ್ಚುಕಡಿಮೆ ಮತ್ತೆ ಕೂಡುತ್ತದೆ. ಕೋಲಾರದಿಂದ ಬೇರ್ಪಟ್ಟು ನಮ್ಮ ಜಿಲ್ಲೆ ಹುಟ್ಟಿದ 2007ರಲ್ಲೂ ಅಧಿಕ ಜ್ಯೇಷ್ಠವೇ ಇತ್ತು, ಬುದ್ಧ ಪೂರ್ಣಿಮೆ ಮೇ 2ಕ್ಕೆ ಬಂದಿತ್ತು. ಮನಸೋಇಚ್ಛೆ ನಡೆಯುವ ವ್ಯವಸ್ಥೆ ಹೀಗೆ ಲೆಕ್ಕ ಒಪ್ಪಿಸುವುದಿಲ್ಲ.

ದಿನಾಂಕ ಗೊತ್ತುಮಾಡಿ ಎನ್ನುವವರು ಇನ್ನೊಂದನ್ನು ಯೋಚಿಸಲಿ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಜನ ಸೇರುತ್ತಾರೆ. ಅದು ಆಷಾಢದ ಹುಣ್ಣಿಮೆ. 2025ರಲ್ಲಿ ಜುಲೈ 10ಕ್ಕೆ ಬಂದದ್ದು, ಅಧಿಕ ಮಾಸದ ದೆಸೆಯಿಂದ 2026ರಲ್ಲಿ ಜುಲೈ 29ಕ್ಕೆ ಹೋಗಿದೆ. ಬುದ್ಧ ಸಾರನಾಥದಲ್ಲಿ ಮೊದಲ ಉಪದೇಶ ಕೊಟ್ಟದ್ದನ್ನು ಬೌದ್ಧರು ನೆನೆಯುವುದೂ ಅದೇ ಹುಣ್ಣಿಮೆಯಂದು. ಜೈನ ಮುನಿಗಳು ಚಾತುರ್ಮಾಸಕ್ಕೆ ಒಂದೆಡೆ ನೆಲೆ ನಿಲ್ಲುವುದೂ ಅದೇ ಹೊತ್ತಿನಲ್ಲಿ. ಕೈವಾರದ ಉತ್ಸವಕ್ಕೆ ಖಾಯಂ ದಿನಾಂಕ ಇಡಿ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಒಪ್ಪಿದ ಲೆಕ್ಕವನ್ನು ವೈಶಾಖಕ್ಕೆ ಬಂದಾಗ ಬೇಡ ಎನ್ನಲು ಕಾರಣವಿಲ್ಲ.

ಆಕ್ಷೇಪ 2: “ಥಾಯ್ಲೆಂಡ್, ಸಿಂಗಪುರ, ಮಲೇಷ್ಯಾಗಳಲ್ಲಿ ವೇಸಾಕ್ ಮೇ 31ಕ್ಕೆ. ಬೌದ್ಧ ದೇಶದವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತೇ? ನಮ್ಮ ದಿನವೇ ತಪ್ಪು.”

ಬೌದ್ಧ ದೇಶಗಳೆಲ್ಲ ಒಂದು ಕಡೆ, ನಾವೊಬ್ಬರೇ ಇನ್ನೊಂದು ಕಡೆ ಎಂಬುದು ಮೊದಲಿಗೆ ನಿಜವಲ್ಲ. 2026ರಲ್ಲಿ ಶ್ರೀಲಂಕಾದ ವೆಸಕ್ ಪೋಯ ಮೇ 1ಕ್ಕೆ, ನೇಪಾಳದ ಬುದ್ಧ ಜಯಂತಿಯೂ ಮೇ 1ಕ್ಕೆ. ಮೇ ಕೊನೆಯ ಹುಣ್ಣಿಮೆಯನ್ನು ಶ್ರೀಲಂಕಾ ಅಧಿಕ ಪೊಸೊನ್ ಎಂದು ಕರೆಯುತ್ತದೆ. ಅವರ ಪೊಸೊನ್ ಎಂದರೆ ನಮ್ಮ ಜ್ಯೇಷ್ಠ. ಹೆಸರು ಬೇರೆ, ಲೆಕ್ಕ ಒಂದೇ.

ಥಾಯ್ಲೆಂಡಿನವರು ತಪ್ಪು ಮಾಡಿದ್ದಾರೆ ಎಂದೂ ನಾನು ಹೇಳುವುದಿಲ್ಲ. ಅವರ ಪದ್ಧತಿಯಲ್ಲಿ ಅಧಿಕ ಮಾಸ ಸಂಕ್ರಾಂತಿಯನ್ನು ನೋಡಿಕೊಂಡು ಎಲ್ಲಿ ಬೇಕಾದರೂ ಬರುವುದಿಲ್ಲ. ಯಾವ ವರ್ಷ ಬಂದರೂ ಅವರ ಎಂಟನೆಯ ತಿಂಗಳೇ ಎರಡು ಬಾರಿ ಬರುತ್ತದೆ. ವಿಶಾಖ ಪೂಜೆ ಸಾಮಾನ್ಯ ವರ್ಷ ಆರನೆಯ ತಿಂಗಳ ಹುಣ್ಣಿಮೆಗೆ. ಅಧಿಕ ಮಾಸ ಇರುವ ವರ್ಷ ಏಳನೆಯ ತಿಂಗಳ ಹುಣ್ಣಿಮೆಗೆ ಸರಿಯುತ್ತದೆ. 2023ರಲ್ಲೂ ಹೀಗೇ ಆಯಿತು. ನಮ್ಮದು ಮೇ 5ಕ್ಕೆ, ಅವರದು ಜೂನ್ 3ಕ್ಕೆ. ಅವರ ನಿಯಮಕ್ಕೆ ಅವರ ದಿನ ಸರಿ, ನಮ್ಮ ನಿಯಮಕ್ಕೆ ನಮ್ಮದು ಸರಿ.

ಅಷ್ಟು ದೂರ ಯಾಕೆ, ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ನರು ತಮ್ಮ ನಾಲ್ಕನೆಯ ತಿಂಗಳ ಹುಣ್ಣಿಮೆಯನ್ನು ಸಾಗಾ ದಾವಾ ಎಂದು ಆಚರಿಸುತ್ತಾರೆ. 2024ರಲ್ಲಿ ಅದೂ ನಮ್ಮ ಬುದ್ಧ ಪೂರ್ಣಿಮೆಯೂ ಒಂದೇ ದಿನ, ಮೇ 23. ಮರುವರ್ಷ ನಮ್ಮದು ಮೇ 12ಕ್ಕೆ, ಅವರದು ಜೂನ್ 11ಕ್ಕೆ. ಈ ವರ್ಷ ಅವರದು ಮೇ 31. ಅಧಿಕ ಮಾಸವನ್ನು ಎಲ್ಲಿ ಸೇರಿಸಬೇಕು ಎಂಬುದಕ್ಕೆ ಅವರದೇ ಲೆಕ್ಕವಿದೆ.

ಗಮನಿಸಬೇಕಾದ ಅಂಶ ಒಂದುಂಟು. ಈ ಪಟ್ಟಿಯಲ್ಲಿ ಒಂದೇ ವರ್ಷದ ದಿನಗಳು ಬೇರೆಯಾದಾಗಲೆಲ್ಲ ಅಂತರ ಒಂದು ಚಾಂದ್ರಮಾಸದಷ್ಟೇ. ಯಾರೂ ಹುಣ್ಣಿಮೆಯನ್ನು ಬಿಟ್ಟು ಅಷ್ಟಮಿಗೋ ದಶಮಿಗೋ ಹೋಗಿಲ್ಲ. ಚಂದ್ರ ತುಂಬುವ ಹೊತ್ತಿನ ಬಗ್ಗೆ ಜಗತ್ತಿನಲ್ಲಿ ಜಗಳವಿಲ್ಲ. ಆ ತುಂಬಿದ ಚಂದ್ರನಿಗೆ ಯಾವ ಮಾಸದ ಹೆಸರಿಡಬೇಕು ಎಂಬುದರಲ್ಲಿ ಮಾತ್ರ ಭೇದ.

ಆಕ್ಷೇಪ 3: “ಏಪ್ರಿಲ್ 30ರ ರಾತ್ರಿಯೇ ನಂದಿ ಬೆಟ್ಟದ ಮೇಲೆ ಚಂದ್ರ ತುಂಬಿ ನಿಂತಿದ್ದ. ಕಣ್ಣಿಗೆ ಕಂಡದ್ದನ್ನು ಬಿಟ್ಟು ಪುಸ್ತಕ ನಂಬಬೇಕೇ?”

ಕಂಡದ್ದು ಸುಳ್ಳಲ್ಲ, ಆದರೆ ಹುಣ್ಣಿಮೆಯನ್ನು ತೀರ್ಮಾನಿಸಲು ಬರಿಗಣ್ಣು ಸಾಲದು. ಪೂರ್ಣಚಂದ್ರನ ಕ್ಷಣಕ್ಕೆ ಇಡೀ ಒಂದು ದಿನ ಮೊದಲೂ ಒಂದು ದಿನ ಆಮೇಲೂ ಚಂದ್ರಬಿಂಬದ ನೂರರಲ್ಲಿ ಸುಮಾರು 99 ಭಾಗ ಬೆಳಗಿರುತ್ತದೆ. ಉಳಿದ ಒಂದು ಭಾಗದ ಕೊರತೆಯನ್ನು ಅಂಚಿನಲ್ಲಿ ಗುರುತಿಸುವುದು ಪಳಗಿದ ಕಣ್ಣಿಗೂ ಕಷ್ಟ. ಹಾಗಾಗಿ ಮೂರು ರಾತ್ರಿಯೂ ಹುಣ್ಣಿಮೆಯಂತೆಯೇ ಕಾಣುತ್ತದೆ. ಗೌರಿಬಿದನೂರಿನಲ್ಲಿ ದೊಡ್ಡ ವೀಕ್ಷಣಾಲಯವಿದೆಯಲ್ಲ, ಅಲ್ಲಿ ನೋಡಿ ಹೇಳಲಿ ಎನ್ನುವವರೂ ಇದ್ದಾರೆ. ಅಲ್ಲಿರುವುದು ರೇಡಿಯೊ ದೂರದರ್ಶಕ. ಅಲ್ಲಿ ಮುಖ್ಯವಾಗಿ ನಡೆಯುವುದು ಸೂರ್ಯನಿಂದ ಬರುವ ರೇಡಿಯೊ ತರಂಗಗಳ ಅಧ್ಯಯನ, ಚಂದ್ರ ತುಂಬಿದನೇ ಇಲ್ಲವೇ ಎಂದು ನೋಡುವ ಕೆಲಸವಲ್ಲ.

ತಿಥಿ ಎಂಬುದು ಕೋನದ ಅಳತೆ. ಅಮಾವಾಸ್ಯೆಯಂದು ಸೂರ್ಯ ಚಂದ್ರರು ಒಂದೇ ದಿಕ್ಕಿನಲ್ಲಿರುತ್ತಾರೆ. ಅಲ್ಲಿಂದ ಚಂದ್ರ 12 ಡಿಗ್ರಿ ಮುಂದೆ ಹೋದಾಗಲೆಲ್ಲ ಒಂದು ತಿಥಿ ಮುಗಿಯುತ್ತದೆ. 168 ಡಿಗ್ರಿಯಿಂದ 180 ಡಿಗ್ರಿಯವರೆಗಿನದು ಹುಣ್ಣಿಮೆ. ಪೂರ್ಣಚಂದ್ರನ ಕ್ಷಣ ಬರುವುದು ಈ ತಿಥಿಯ ಕೊನೆಯಲ್ಲಿ, ನಡುವಿನಲ್ಲಲ್ಲ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲವಾದ್ದರಿಂದ ತಿಥಿಯ ಅವಧಿ ಸುಮಾರು 19 ಗಂಟೆಯಿಂದ 27 ಗಂಟೆಯವರೆಗೆ ಹಿಗ್ಗಿ ಕುಗ್ಗುತ್ತದೆ. ಈ ವರ್ಷದ ವೈಶಾಖ ಹುಣ್ಣಿಮೆ ಶುರುವಾದದ್ದು ಏಪ್ರಿಲ್ 30ರ ರಾತ್ರಿ 9 ಗಂಟೆ 12 ನಿಮಿಷಕ್ಕೆ, ಮುಗಿದದ್ದು ಮೇ 1ರ ರಾತ್ರಿ 10 ಗಂಟೆ 52 ನಿಮಿಷಕ್ಕೆ. ಏಪ್ರಿಲ್ 30ರ ಸಂಜೆ ಬೆಟ್ಟದ ಮೇಲೆ ಕಂಡದ್ದು ಚತುರ್ದಶಿಯ ಚಂದ್ರ.

ತಿಥಿ ಎರಡು ದಿನಗಳಿಗೆ ಹರಡಿಕೊಂಡಿದ್ದರೆ ಯಾವ ದಿನಕ್ಕೆ ಸಲ್ಲಬೇಕು? ಬುದ್ಧ ಪೂರ್ಣಿಮೆಗೆ ನಮ್ಮಲ್ಲಿ ಹಿಡಿಯುವುದು ಸೂರ್ಯೋದಯಕ್ಕೆ ಇರುವ ತಿಥಿಯನ್ನು. ಅಷ್ಟಶೀಲ ತೊಡುವ ಉಪಾಸಕರ ದಿನವೂ ಬೆಳಗಿನಿಂದಲೇ ಶುರು. ಮನೆಯಲ್ಲಿರುವ ಪಂಚಾಂಗವನ್ನೇ ತೆರೆದು ನೋಡಬಹುದು. ಮೇ 1ರ ಸಾಲಿನಲ್ಲಿ ಹುಣ್ಣಿಮೆಯ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಕೆಲವು ಪಂಚಾಂಗಗಳಲ್ಲಿ ಅದು ಗಂಟೆ ನಿಮಿಷ, ಕೆಲವದರಲ್ಲಿ ಘಟಿ ವಿಘಟಿ. ಒಂದು ಘಟಿ ಎಂದರೆ 24 ನಿಮಿಷ, ಸೂರ್ಯೋದಯದಿಂದ ಎಣಿಕೆ. ಚಿಕ್ಕಬಳ್ಳಾಪುರದಲ್ಲಿ ಅವತ್ತು ಸೂರ್ಯೋದಯ ಆರು ಗಂಟೆಗೆ ತುಸು ಮುಂಚೆ. ಅಲ್ಲಿಂದ ರಾತ್ರಿ 10:52ರವರೆಗೆ ಸುಮಾರು 17 ಗಂಟೆ, ಅಂದರೆ 42 ಘಟಿ. ದಿನದ ಅರವತ್ತು ಘಟಿಗಳಲ್ಲಿ 42 ಹುಣ್ಣಿಮೆಗೇ ಸೇರಿದವು. ಇಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ.

ಅನುಮಾನ ಹುಟ್ಟುವುದು ತಿಥಿ ಬೆಳಗಿನ ಜಾವ ಮುಗಿಯುವ ವರ್ಷಗಳಲ್ಲಿ. ನಮ್ಮ ನಾಲ್ಕು ಊರುಗಳ ನಡುವೆ ವ್ಯತ್ಯಾಸ ಅಲ್ಪ. ಪೂರ್ವಕ್ಕಿರುವ ಚಿಂತಾಮಣಿಗೆ ಗೌರಿಬಿದನೂರಿಗಿಂತ ಸುಮಾರು ಎರಡು ನಿಮಿಷ ಮೊದಲು ಸೂರ್ಯ ಹುಟ್ಟುತ್ತಾನೆ, ಅಷ್ಟೇ. ಆದರೆ ರಾಷ್ಟ್ರೀಯ ಪಂಚಾಂಗ ಲೆಕ್ಕ ಹಾಕುವುದು ಪೂರ್ವ ರೇಖಾಂಶ 82 ಡಿಗ್ರಿ 30 ನಿಮಿಷ, ಉತ್ತರ ಅಕ್ಷಾಂಶ 23 ಡಿಗ್ರಿ 11 ನಿಮಿಷದ ಒಂದು ಮಧ್ಯಸ್ಥಾನಕ್ಕೆ. ಮೇ ತಿಂಗಳಲ್ಲಿ ಅಲ್ಲಿ ಸೂರ್ಯೋದಯ ನಮಗಿಂತ ಸುಮಾರು ಅರ್ಧ ಗಂಟೆ ಮೊದಲೇ ಆಗಿರುತ್ತದೆ. ತಿಥಿ ಆ ಅರ್ಧ ಗಂಟೆಯೊಳಗೆ ಮುಗಿದರೆ ಅಲ್ಲಿ ಒಂದು ದಿನ, ಇಲ್ಲಿ ಇನ್ನೊಂದು ದಿನ. ಮೊಬೈಲಿನ ಪಂಚಾಂಗದಲ್ಲಿ ಊರು ದೆಹಲಿ ಅಥವಾ ಉಜ್ಜಯಿನಿ ಎಂದೇ ಉಳಿದಿದ್ದರೂ ಇದೇ ತೊಂದರೆ. ಸೂರ್ಯಸಿದ್ಧಾಂತದ ಹಳೆಯ ಗಣಿತ ಹಿಡಿದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ತಿಥಿ ಮುಗಿಯುವ ಹೊತ್ತಿನಲ್ಲಿ ಕೆಲವು ಗಂಟೆಗಳ ಅಂತರ ಬೀಳುವುದುಂಟು.

ಯಾವುದು ಸರಿ ಎಂದು ಜನಸಾಮಾನ್ಯರು ಪರೀಕ್ಷಿಸುವುದು ಹೇಗೆ? ಗ್ರಹಣ ನೋಡಿ. ಚಂದ್ರಗ್ರಹಣದ ನಡುಭಾಗ ಬರುವುದು ಹುಣ್ಣಿಮೆ ಮುಗಿಯುವ ಹೊತ್ತಿಗೇ. 2025ರ ಸೆಪ್ಟೆಂಬರ್ 7ರ ರಾತ್ರಿ ಭಾದ್ರಪದ ಹುಣ್ಣಿಮೆ ಮುಗಿಯಬೇಕಾಗಿದ್ದದ್ದು ದೃಗ್ಗಣಿತದಂತೆ 11:38ಕ್ಕೆ. ಅವತ್ತಿನ ಖಗ್ರಾಸ ಗ್ರಹಣ ಹನ್ನೊಂದರಿಂದ 12:22ರವರೆಗೆ ಇತ್ತು, ನಡುಭಾಗ 11:41ಕ್ಕೆ. ಅಂತರ ಮೂರು ನಿಮಿಷ. ಇದನ್ನು ಯಾವ ಊರಿನ ಮಾಳಿಗೆಯ ಮೇಲೆ ನಿಂತಾದರೂ ಗಡಿಯಾರ ಹಿಡಿದು ತಾಳೆ ನೋಡಬಹುದಿತ್ತು. ಎಚ್. ನರಸಿಂಹಯ್ಯನವರು ಹುಟ್ಟಿದ ಗೌರಿಬಿದನೂರು ತಾಲ್ಲೂಕಿನವರಿಗೆ ಪರೀಕ್ಷೆ ಮಾಡಿ ಒಪ್ಪುವುದನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ.

ಆಕ್ಷೇಪ 4: “ಮಹಾವೀರ ಜಯಂತಿಯೂ ಹುಣ್ಣಿಮೆಯೇ ಅಲ್ಲವೇ, ಮಾರ್ಚ್ 31 ಹೇಗಾಯಿತು? ಜೈನರಲ್ಲೇ ಒಬ್ಬರು ಒಂದು ದಿನ, ಇನ್ನೊಬ್ಬರು ಮರುದಿನ. ಅಂದಮೇಲೆ ನಿಯಮ ಎಲ್ಲಿದೆ?”

ಮಹಾವೀರ ಜಯಂತಿ ಹುಣ್ಣಿಮೆಯಲ್ಲ, ಚೈತ್ರ ಶುದ್ಧ ತ್ರಯೋದಶಿ. ಜೈನರ ಹುಣ್ಣಿಮೆಗಳು ಬೇರೆ. ಕಾರ್ತಿಕ, ಫಾಲ್ಗುಣ, ಆಷಾಢ ಮಾಸಗಳಲ್ಲಿ ಶುದ್ಧ ಅಷ್ಟಮಿಯಿಂದ ಹುಣ್ಣಿಮೆಯವರೆಗೆ ದಿಗಂಬರರು ಅಷ್ಟಾಹ್ನಿಕ ಪರ್ವ ಆಚರಿಸುತ್ತಾರೆ. ಚೈತ್ರ ಮತ್ತು ಆಶ್ವಯುಜ ಮಾಸಗಳಲ್ಲಿ ಶ್ವೇತಾಂಬರರು ಸಪ್ತಮಿಯಿಂದ ಹುಣ್ಣಿಮೆಯವರೆಗೆ ಒಂಬತ್ತು ದಿನ ನವಪದ ಓಳಿ ಮಾಡುತ್ತಾರೆ. ತುಪ್ಪ, ಹಾಲು, ಎಣ್ಣೆ, ಬೆಲ್ಲ, ಮಸಾಲೆ ಯಾವುದೂ ಇಲ್ಲದ ಸಪ್ಪೆ ಊಟವನ್ನು ದಿನಕ್ಕೊಮ್ಮೆ ಮಾತ್ರ ಮಾಡುವ ಆಯಂಬಿಲ್ ವ್ರತ ಅದು. ಇಂಥ ವ್ರತದವರಿಗೆ ಕೊನೆಯ ದಿನ ಯಾವುದು ಎಂಬುದು ಹರಟೆಯ ವಿಷಯವಲ್ಲ.

ದಿನ ಬೇರೆಯಾಗುವುದು ಹೇಗೆ ಎಂಬುದಕ್ಕೆ ಇದೇ ವರ್ಷದ ಚೈತ್ರ ಹುಣ್ಣಿಮೆ ಒಳ್ಳೆಯ ಉದಾಹರಣೆ. ತಿಥಿ ಶುರುವಾದದ್ದು ಏಪ್ರಿಲ್ 1ರ ಬೆಳಗ್ಗೆ 7:06ಕ್ಕೆ, ಮುಗಿದದ್ದು ಏಪ್ರಿಲ್ 2ರ ಬೆಳಗ್ಗೆ 7:41ಕ್ಕೆ. ನಮ್ಮಲ್ಲಿ ಆ ದಿನಗಳಲ್ಲಿ ಸೂರ್ಯೋದಯ ಸುಮಾರು 6:12ಕ್ಕೆ. ಏಪ್ರಿಲ್ 1ರ ಸೂರ್ಯೋದಯಕ್ಕೆ ಇನ್ನೂ ಚತುರ್ದಶಿ, 2ರ ಸೂರ್ಯೋದಯಕ್ಕೆ ಹುಣ್ಣಿಮೆ. ಶ್ವೇತಾಂಬರರು ಉದಯ ತಿಥಿ ಹಿಡಿಯುವುದರಿಂದ ಅವರ ಹುಣ್ಣಿಮೆ ಏಪ್ರಿಲ್ 2. ದಿಗಂಬರರ ವ್ರತನಿಯಮದಲ್ಲಿ ಸೂರ್ಯೋದಯಕ್ಕೆ ತಿಥಿ ಇದ್ದರೆ ಸಾಲದು, ಆಮೇಲೆ ಕನಿಷ್ಠ ಆರು ಘಟಿಯಾದರೂ ಉಳಿದಿರಬೇಕು. ಆರು ಘಟಿ ಎಂದರೆ 2 ಗಂಟೆ 24 ನಿಮಿಷ. 6:12ರಿಂದ 7:41ರವರೆಗೆ ಆದದ್ದು 89 ನಿಮಿಷ, ನಾಲ್ಕು ಘಟಿಗೂ ಕಡಿಮೆ. ಹಾಗಾಗಿ ಆ ನಿಯಮದಂತೆ ಎಣಿಸಿದರೆ ವ್ರತದ ಹುಣ್ಣಿಮೆ ಹಿಂದಿನ ದಿನಕ್ಕೆ, ಏಪ್ರಿಲ್ 1ಕ್ಕೆ, ಹೋಗುತ್ತದೆ. ಇಬ್ಬರ ಮುಂದೆಯೂ ಇರುವ ಅಂಕಿ ಒಂದೇ. ಅಳೆಯುವ ನಿಯಮ ಎರಡು. ನಿಯಮವೇ ಇಲ್ಲ ಎಂಬುದಕ್ಕೂ ಎರಡು ನಿಯಮಗಳಿವೆ ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. ಎರಡು ನಿಯಮಗಳಿದ್ದಾಗ ಯಾವ ವರ್ಷ ದಿನ ಬೇರೆಯಾಗುತ್ತದೆ ಎಂದು ಮೊದಲೇ ಹೇಳಬಹುದು.

ನಿಜವಾಗಿ ಬಿಕ್ಕಟ್ಟಿನ ಸಂದರ್ಭ ಇನ್ನೊಂದಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ತಿಥಿ ಚಿಕ್ಕದಾಗಿ ಯಾವ ಸೂರ್ಯೋದಯಕ್ಕೂ ಸಿಗದೆ ಹೋದರೆ ಅದು ಕ್ಷಯ. ದೀರ್ಘವಾಗಿ ಎರಡು ಸೂರ್ಯೋದಯಗಳಿಗೆ ಸಿಕ್ಕರೆ ವೃದ್ಧಿ. ಕ್ಷಯವಾದರೆ ಹಿಂದಿನ ದಿನ, ವೃದ್ಧಿಯಾದರೆ ಎರಡನೆಯ ದಿನ ಎಂಬುದು ಶ್ವೇತಾಂಬರರ ಹಳೆಯ ಸೂತ್ರ. ಆದರೆ ಹುಣ್ಣಿಮೆಯೇ ಕ್ಷಯವಾದರೆ ಅದರ ಹಿಂದಿನ ಚತುರ್ದಶಿಯೂ ಪರ್ವದ ದಿನವೇ. ಎರಡು ಪರ್ವಗಳನ್ನು ಒಂದೇ ದಿನ ಆಚರಿಸಬೇಕೇ, ಇಲ್ಲವೇ ತ್ರಯೋದಶಿಯನ್ನು ಕ್ಷಯವೆಂದು ಭಾವಿಸಿ ಚತುರ್ದಶಿಯನ್ನು ಒಂದು ದಿನ ಹಿಂದಕ್ಕೆ ತರಬೇಕೇ? ಕಳೆದ ಶತಮಾನದಲ್ಲಿ ತಪಾಗಚ್ಛದವರು ಈ ಪ್ರಶ್ನೆಯ ಮೇಲೆ ಒಂದು ತಿಥಿಯವರು, ಎರಡು ತಿಥಿಯವರು ಎಂದು ಎರಡು ಪಕ್ಷಗಳಾದರು. ಈ ಭೇದ ಇಂದಿಗೂ ಇದೆ. ಎರಡೂ ಕಡೆಯವರು ತಿಥಿ ಮುಗಿಯುವ ಹೊತ್ತನ್ನು ಒಪ್ಪುತ್ತಾರೆ. ಒಪ್ಪದಿರುವುದು ಕ್ಷಯದ ದಿನ ಏನು ಮಾಡಬೇಕು ಎಂಬುದನ್ನು.

ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಪೇಟೆಯಲ್ಲಿ ಕಾಣುವ ಇನ್ನೊಂದು ಗೊಂದಲವೂ ಇಲ್ಲೇ ಪರಿಹಾರವಾಗಲಿ. ರಾಜಸ್ಥಾನದ ಕ್ಯಾಲೆಂಡರಿನಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮದರಲ್ಲಿ ಅಮಾವಾಸ್ಯೆಗೆ. ಹಾಗಾಗಿ ಬಹುಳ ಪಕ್ಷದಲ್ಲಿ ಮಾಸದ ಹೆಸರು ಬೇರೆ ಬೇರೆ. ಮಹಾವೀರ ನಿರ್ವಾಣದ ದೀಪಾವಳಿ ಅಮಾವಾಸ್ಯೆ ಅವರಿಗೆ ಕಾರ್ತಿಕ, ನಮಗೆ ಆಶ್ವಯುಜ. ಆದರೆ ಶುದ್ಧ ಪಕ್ಷದಲ್ಲಿ ಎರಡಕ್ಕೂ ಹೆಸರು ಒಂದೇ. ಆದ್ದರಿಂದ ಹುಣ್ಣಿಮೆಯ ವಿಷಯದಲ್ಲಿ ಈ ಭೇದ ಅಡ್ಡ ಬರುವುದೇ ಇಲ್ಲ. ಚೈತ್ರ ಹುಣ್ಣಿಮೆ ಜೋಧಪುರದಲ್ಲೂ ಚೈತ್ರವೇ, ಶಿಡ್ಲಘಟ್ಟದಲ್ಲೂ ಚೈತ್ರವೇ.

ಆಕ್ಷೇಪ 5: “ಪಂಚಾಂಗ ವೈದಿಕರದು. ಬೌದ್ಧರೂ ಜೈನರೂ ಅದಕ್ಕೆ ಜೋತುಬೀಳುವುದು ಗುಲಾಮಗಿರಿ.”

ಈ ಆಕ್ಷೇಪದ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಮುಹೂರ್ತ, ರಾಹುಕಾಲ, ಶುಭ ಅಶುಭಗಳ ಹೆಸರಿನಲ್ಲಿ ಜನರನ್ನು ಹೆದರಿಸಿದ್ದುಂಟು. ಆದರೆ ಪಕ್ಷದ ದಿನ ಎಣಿಸುವುದು ಬೇರೆ, ಫಲ ಹೇಳುವುದು ಬೇರೆ. ಎಣಿಕೆ ಯಾರೊಬ್ಬರ ಸೊತ್ತೂ ಅಲ್ಲ.

ವಿನಯಪಿಟಕದ ಮಹಾವಗ್ಗವನ್ನು ತೆರೆದು ನೋಡಿ. ಪಕ್ಷದ ನಿಗದಿತ ದಿನಗಳಲ್ಲಿ ಭಿಕ್ಷುಗಳೂ ಸೇರಲಿ ಎಂದು ಬುದ್ಧನಿಗೆ ಸಲಹೆ ಕೊಟ್ಟವನು ಮಗಧದ ರಾಜ ಬಿಂಬಿಸಾರ. ಉಪೋಸಥ ಹುಟ್ಟಿದ್ದು ಹಾಗೆ. ಮುಂದೆ ಭಿಕ್ಷೆಗೆ ಹೋದ ಭಿಕ್ಷುಗಳನ್ನು ಜನ ಇವತ್ತು ಪಕ್ಷದ ಎಷ್ಟನೆಯ ದಿನ ಎಂದು ಕೇಳಿದರು. ಅವರಿಗೆ ಹೇಳಲು ಬರಲಿಲ್ಲ, ಜನ ಆಡಿಕೊಂಡರು. ಆಗ ಬುದ್ಧ ಪಕ್ಷದ ಎಣಿಕೆಯನ್ನು ಕಲಿಯಲು ಭಿಕ್ಷುಗಳಿಗೆ ಅನುಮತಿ ಕೊಟ್ಟ. ಇನ್ನೊಂದು ಪ್ರಸಂಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಮಳೆಗಾಲದ ವರ್ಷಾವಾಸವನ್ನು ಮುಂದಿನ ಹುಣ್ಣಿಮೆಗೆ ಮುಂದೂಡಬೇಕೆಂದು ಬಿಂಬಿಸಾರ ಕೋರಿದಾಗ ಬುದ್ಧ ರಾಜನ ಮಾತಿಗೆ ಒಪ್ಪಿ ನಡೆಯಿರಿ ಎಂದ. ಅಂದರೆ ಮಾಸದ ಲೆಕ್ಕ ಇಡೀ ನಾಡಿಗೆ ಒಂದೇ ಇರಲಿ, ಸಂಘ ಅದರಿಂದ ಬೇರೆ ನಿಲ್ಲುವುದು ಬೇಡ ಎಂಬುದು ಬುದ್ಧನ ಕಾಲದಿಂದಲೇ ಬಂದ ನಿಲುವು.

ಅಶೋಕನ ಐದನೆಯ ಸ್ತಂಭಶಾಸನ ಮೂರು ಚಾತುರ್ಮಾಸಗಳ ಹುಣ್ಣಿಮೆ ಮತ್ತು ತಿಷ್ಯದ ಹುಣ್ಣಿಮೆಗಳನ್ನು ಹೆಸರಿಸಿ, ಆ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎನ್ನುತ್ತದೆ. ಹುಣ್ಣಿಮೆ ಯಾವತ್ತು ಎಂದು ರಾಜ್ಯಕ್ಕೆಲ್ಲ ಮೊದಲೇ ತಿಳಿದಿರದೆ ಇಂಥ ಆಜ್ಞೆ ಜಾರಿಯಾಗುವಂತಿರಲಿಲ್ಲ. ಜೈನರ ಸೂರ್ಯಪ್ರಜ್ಞಪ್ತಿಯಂತೂ ಖಗೋಳದ ಗ್ರಂಥವೇ. ಐದು ವರ್ಷಗಳ ಒಂದು ಯುಗ, ಅದರಲ್ಲಿ 1830 ದಿನ, 62 ಚಾಂದ್ರಮಾಸ. ಅರವತ್ತರ ಜೊತೆ ಎರಡು ಅಧಿಕ ಮಾಸ. ಇಂದಿನ ಅಳತೆಯಂತೆ 62 ಚಾಂದ್ರಮಾಸಗಳಿಗೆ ಸುಮಾರು 1830.9 ದಿನ ಬೇಕು. ಐದು ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನ ತಪ್ಪುತ್ತಿತ್ತು. ಹಾಗಾಗಿ ಜೈನರು ಆಗಮದ ಎಣಿಕೆಯನ್ನು ಪೂಜ್ಯವಾಗಿಟ್ಟುಕೊಂಡು ದಿನನಿರ್ಣಯಕ್ಕೆ ಹೆಚ್ಚು ನಿಖರವಾದ ಗಣಿತವನ್ನು ಹಿಡಿದರು. ನಂದಿಯ ಬಳಿಯ ಗೋಪಿನಾಥ ಬೆಟ್ಟದಲ್ಲಿ ಜಿನ ಚೈತ್ಯಾಲಯವನ್ನು ಹೊಗಳುವ ಹಳೆಯ ಸಂಸ್ಕೃತ ಶಾಸನವಿದೆ. ಈ ಪರಂಪರೆ ನಮ್ಮ ನೆಲಕ್ಕೆ ಹೊರಗಿನದೂ ಅಲ್ಲ.

ಇವತ್ತಿನ ಗಣಿತವೂ ಯಾವ ಮಠದ್ದೂ ಅಲ್ಲ. 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ರಚನೆಯಾಯಿತು, 1955ರಲ್ಲಿ ವರದಿ ಕೊಟ್ಟಿತು, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಕ್ಯಾಲೆಂಡರ್ ಜಾರಿಗೆ ಬಂತು. ಕೋಲ್ಕತ್ತದ ಪೊಸಿಷನಲ್ ಅಸ್ಟ್ರಾನಮಿ ಸೆಂಟರ್ ಇಂದು ರಾಷ್ಟ್ರೀಯ ಪಂಚಾಂಗವನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಹೊರತರುತ್ತದೆ. ಸರ್ಕಾರಿ ರಜಾ ಪಟ್ಟಿ ವರ್ಷ ಶುರುವಾಗುವ ಮೊದಲೇ ಪ್ರಕಟವಾಗುವುದು ಈ ಲೆಕ್ಕ ಇರುವುದರಿಂದ.

ಹಾಗಾದರೆ ಪ್ರತಿ ವರ್ಷ ಮತ್ತೆ ಖಚಿತಪಡಿಸಿಕೊಳ್ಳುವುದು ಯಾಕೆ? ಲೆಕ್ಕದ ಮೇಲೆ ನಂಬಿಕೆ ಇಲ್ಲದೆ ಅಲ್ಲ. ದೇಶಕ್ಕೆಲ್ಲ ಒಂದು ಸ್ಥಳಕ್ಕೆ ಹಾಕಿದ ಲೆಕ್ಕವನ್ನು ನಮ್ಮ ಊರಿನ ಸೂರ್ಯೋದಯಕ್ಕೂ ನಮ್ಮ ಪರಂಪರೆಯ ನಿಯಮಕ್ಕೂ ಹೊಂದಿಸಿಕೊಳ್ಳಬೇಕು, ಅದಕ್ಕೆ.

ಆದ್ದರಿಂದ ಸಂಘಗಳಲ್ಲಿ, ಬಸದಿ ಮಂದಿರಗಳಲ್ಲಿ ಹೊಣೆ ಹೊತ್ತವರಲ್ಲಿ ನನ್ನ ವಿನಂತಿ ಇಷ್ಟು. ಸಭಾಂಗಣ ಗೊತ್ತುಮಾಡುವ, ಹೂವು ಹೇಳುವ ಮೊದಲು ನಾಲ್ಕನ್ನು ಬರೆದುಕೊಳ್ಳಿ: ಆ ವರ್ಷ ಅಧಿಕ ಮಾಸ ಇದೆಯೇ, ಇದ್ದರೆ ಯಾವುದು, ಹುಣ್ಣಿಮೆ ಶುರುವಾಗುವ ಮತ್ತು ಮುಗಿಯುವ ಹೊತ್ತು, ಚಿಕ್ಕಬಳ್ಳಾಪುರದ ಸೂರ್ಯೋದಯ, ನಿಮ್ಮ ಪರಂಪರೆಯ ನಿಯಮ ಉದಯ ತಿಥಿಯೋ ಆರು ಘಟಿಯೋ. ತಿಥಿ ಬೆಳಗಿನ ಐದೂವರೆಯಿಂದ ಒಂಬತ್ತರೊಳಗೆ ಮುಗಿಯುವಂತಿದ್ದರೆ ಮಾತ್ರ ಹಿರಿಯರನ್ನು ಕೇಳಿ. ಮಿಕ್ಕ ವರ್ಷಗಳಲ್ಲಿ ಪಂಚಾಂಗದ ಸಾಲೇ ಸಾಕು. ಕರಪತ್ರದಲ್ಲಿ ದಿನಾಂಕದ ಜೊತೆಗೆ ತಿಥಿ ಮುಗಿಯುವ ಹೊತ್ತನ್ನೂ ಅಚ್ಚು ಹಾಕಿಸಿ. ಆಗ ಆಕ್ಷೇಪಿಸುವವರೂ ತಾವೇ ಲೆಕ್ಕ ನೋಡಿಕೊಳ್ಳಬಹುದು.

2027ರಲ್ಲಿ ವೈಶಾಖ ಹುಣ್ಣಿಮೆ ಮೇ 20ರ ಗುರುವಾರ, ತಿಥಿ ಮುಗಿಯುವುದು ಅವತ್ತು ಸಂಜೆ ನಾಲ್ಕೂವರೆಯ ಸುಮಾರಿಗೆ.